ನಾಲ್ವರ ಮನೆ, ಒಂದೇ ಮೀಟರು: ಬಿಲ್ಲು ಹಂಚುವ ಲೆಕ್ಕ

ಬೆಂಗಳೂರಿನಲ್ಲಿ ನಾವು ನಾಲ್ವರು ಹಂಚಿಕೊಂಡಿದ್ದ ಮೊದಲ ಮಹಡಿಯ ಮನೆಗೆ ಮಾರ್ಚ್ ತಿಂಗಳ ವಿದ್ಯುತ್ ಬಿಲ್ಲು 261 ರೂಪಾಯಿ ಬಂದಿತ್ತು. ಏಪ್ರಿಲ್‌ನದು 2,080 ರೂಪಾಯಿ. ಬಳಕೆ 160 ಯೂನಿಟ್‌ನಿಂದ 246ಕ್ಕೆ ಏರಿತ್ತು, ಅಂದರೆ ಒಂದೂವರೆ ಪಟ್ಟು. ಮೊತ್ತ ಮಾತ್ರ ಎಂಟು ಪಟ್ಟಾಗಿತ್ತು. ಅಲ್ಲಿಯವರೆಗೆ ನಮ್ಮ ಲೆಕ್ಕ ಬಹಳ ಸರಳ: ಬಿಲ್ಲು ಬಂದ ದಿನ ನಾಲ್ಕರಿಂದ ಭಾಗಿಸುವುದು, ಎಲ್ಲರೂ ಕಳುಹಿಸುವುದು. ಆ ಏಪ್ರಿಲ್‌ನಲ್ಲಿ ತಲೆಗೆ 520 ರೂಪಾಯಿ ಎಂದಾಗ ನಡುಕೋಣೆಯ ಅಣ್ಣತಮ್ಮಂದಿರು ಒಟ್ಟಿಗೆ ಕೇಳಿದರು: "ಎಸಿ ಯಾರ ಕೋಣೆಯಲ್ಲಿದೆ?"

ಕೇಳಿದ್ದು ತಪ್ಪಲ್ಲ. ಆದರೆ ಉತ್ತರ ಅವರು ಅಂದುಕೊಂಡಷ್ಟು ನೇರವಾಗಿರಲಿಲ್ಲ. ಎಸಿ ತಿಂದ ಯೂನಿಟ್‌ಗಳ ಬೆಲೆ 562 ರೂಪಾಯಿ, ಎಸಿಯಿಂದಾಗಿ ಮನೆಗೆ ಬಿದ್ದ ಹೊರೆ 1,800 ರೂಪಾಯಿಗೂ ಹೆಚ್ಚು. ಈ ಎರಡರ ನಡುವಿನ ಅಂತರವನ್ನು ಯಾರು ಹೊರಬೇಕು ಎಂಬುದೇ ಹಂಚಿಕೆಯ ನಿಜವಾದ ಗಂಟು. ನೀರು, ಇಂಟರ್‌ನೆಟ್ ಅದರ ಮುಂದೆ ಸಲೀಸು. ಆದ್ದರಿಂದ ವಿದ್ಯುತ್ತಿನಿಂದಲೇ ಆರಂಭಿಸುತ್ತೇನೆ.

ಮೊದಲು ಮೀಟರು ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ

ಹಂಚುವ ಮೊದಲು, ಹಂಚುತ್ತಿರುವುದು ನಿಮ್ಮ ಮನೆಯ ಬಳಕೆಯನ್ನು ಮಾತ್ರವೇ ಎಂದು ನೋಡಬೇಕು. ಹಳೆಯ ಕಟ್ಟಡಗಳಲ್ಲಿ ಮೆಟ್ಟಿಲ ದೀಪ, ಗೇಟಿನ ದೀಪ, ಕೆಲವೊಮ್ಮೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರು ಕೂಡ ಯಾವುದೋ ಒಂದು ಮನೆಯ ಮೀಟರಿಗೆ ಸೇರಿರುತ್ತವೆ. ವೈರಿಂಗ್ ಮಾಡಿದವರಿಗೆ ಅಂದು ಯಾವುದು ಹತ್ತಿರವಾಯಿತೋ ಅದಕ್ಕೆ ಕೊಟ್ಟಿರುತ್ತಾರೆ, ಮಾಲೀಕರಿಗೂ ಅದು ಗೊತ್ತಿರುವುದಿಲ್ಲ.

ಪರೀಕ್ಷೆ ಸುಲಭ. ಮನೆಯೊಳಗಿನ ಮುಖ್ಯ ಸ್ವಿಚ್ಚನ್ನು ಕೆಳಗಿಳಿಸಿ. ಮನೆಯಲ್ಲಿ ಫ್ಯಾನು, ಫ್ರಿಜ್ಜು ಎಲ್ಲವೂ ನಿಂತಿರಲಿ. ಈಗ ಕೆಳಗಿನ ಮೀಟರ್ ಪೆಟ್ಟಿಗೆಯ ಬಳಿ ಹೋಗಿ ನಿಮ್ಮ ಆರ್‌ಆರ್ ಸಂಖ್ಯೆಯ ಮೀಟರನ್ನು ನೋಡಿ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಬಳಕೆಗೆ ತಕ್ಕ ವೇಗದಲ್ಲಿ ಮಿನುಗುತ್ತಿರುತ್ತದೆ. ನಿಮ್ಮ ಮನೆ ಪೂರ್ತಿ ಆರಿದ್ದರೂ ಅದು ಮಿನುಗುತ್ತಿದ್ದರೆ ಬೇರೆ ಏನೋ ನಿಮ್ಮ ಲೆಕ್ಕಕ್ಕೆ ಸೇರಿದೆ. ಇದನ್ನು ಎರಡು ಬಾರಿ ಮಾಡಿ: ಒಮ್ಮೆ ರಾತ್ರಿ ಮೆಟ್ಟಿಲ ದೀಪ ಉರಿಯುವಾಗ, ಇನ್ನೊಮ್ಮೆ ಬೆಳಗ್ಗೆ ಮೋಟಾರು ಓಡುವಾಗ. ದೀಪದ ಖರ್ಚು ಪುಡಿಗಾಸು. ಮೋಟಾರಿನದು ಹಾಗಲ್ಲ. ಒಂದು ಅಶ್ವಶಕ್ತಿಯ ಮೋಟಾರು ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ಓಡಿದರೂ ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ಯೂನಿಟ್ ಆಯಿತು. ನಾವು ಹಿಂದೆ ಇದ್ದ ಮನೆಯೊಂದರಲ್ಲಿ ಹನ್ನೊಂದು ತಿಂಗಳು ಇಡೀ ಕಟ್ಟಡದ ನೀರನ್ನು ನಾವೇ ಎತ್ತಿದ್ದೆವು. ಆ ಹನ್ನೊಂದು ತಿಂಗಳೂ ನಮ್ಮ ನಮ್ಮಲ್ಲೇ ಗೀಸರಿನ ಬಗ್ಗೆ ಜಗಳವಾಡಿದ್ದೆವು.

ಇಂಥದ್ದು ಕಂಡರೆ ಅದನ್ನು ಮಾಲೀಕರೊಡನೆ ಮಾತನಾಡಿ ಬೇರೆ ಸಾಲಿಗೆ ಹಾಕಿಸಬೇಕು, ಆಗದಿದ್ದರೆ ಆ ಯೂನಿಟ್‌ಗಳ ಮೊತ್ತವನ್ನು ಬಾಡಿಗೆಯಲ್ಲಿ ಕಳೆಯುವಂತೆ ಕೇಳಬೇಕು. ಮೀಟರಿನ ಸೀಲನ್ನು ಮಾತ್ರ ಯಾರೂ ಮುಟ್ಟಬೇಡಿ.

ಬಿಲ್ಲಿನಲ್ಲಿ ಎರಡೇ ಸಂಗತಿ ನೋಡಿ

ಬಿಲ್ಲಿನ ಉದ್ದಕ್ಕೂ ಅನೇಕ ಸಾಲುಗಳಿವೆ. ಹಂಚಿಕೆಗೆ ಬೇಕಾದದ್ದು ಎರಡು ಬಗೆ ಮಾತ್ರ: ನೀವು ದೀಪ ಹಚ್ಚದಿದ್ದರೂ ಬರುವ ಮೊತ್ತ, ಹಚ್ಚಿದ್ದಕ್ಕೆ ಬರುವ ಮೊತ್ತ.

ಮೊದಲನೆಯದು ನಿಗದಿತ ಶುಲ್ಕ. ಮನೆಗೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ ಇಷ್ಟು ಎಂದು ಇರುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಗೃಹಬಳಕೆಗೆ ಇದು ಕಿಲೋವ್ಯಾಟ್‌ಗೆ 145 ರೂಪಾಯಿ ಇತ್ತು. ನಮ್ಮ ಮನೆಯದು ಮೂರು ಕಿಲೋವ್ಯಾಟ್, ಆದ್ದರಿಂದ 435 ರೂಪಾಯಿ. ಎರಡನೆಯದು ಯೂನಿಟ್ ಲೆಕ್ಕದ್ದು. ಅದೇ ಪಟ್ಟಿಯಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಮೊದಲು ಇದ್ದ ಹಂತ ಹಂತದ ದರ ಈಗ ಗೃಹಬಳಕೆಗೆ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ ಬೆಲೆ. ಇದು ಹಂಚುವವರಿಗೆ ದೊಡ್ಡ ಅನುಕೂಲ.

ಆದರೆ ಯೂನಿಟ್‌ನ ನಿಜವಾದ ಬೆಲೆ 5.80 ಅಲ್ಲ. ಅದರ ಮೇಲೆ ತೆರಿಗೆ, ಮೇಲ್ತೆರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವ ಇಂಧನ ಹೊಂದಾಣಿಕೆ ಎಂದೆಲ್ಲ ಸೇರುತ್ತದೆ. ಇವನ್ನು ಒಂದೊಂದಾಗಿ ಹಂಚಲು ಹೋಗಬೇಡಿ. ಬಿಲ್ಲಿನಲ್ಲಿ ರಿಯಾಯಿತಿ ಕಳೆಯುವ ಮೊದಲಿನ ಒಟ್ಟು ಮೊತ್ತದಿಂದ ನಿಗದಿತ ಶುಲ್ಕ ಕಳೆದು, ಉಳಿದದ್ದನ್ನು ಯೂನಿಟ್‌ಗಳಿಂದ ಭಾಗಿಸಿ:

```
(2080 - 435) / 246 = 6.69
```

ಆ ತಿಂಗಳು ನಿಮ್ಮ ಮನೆಯಲ್ಲಿ ಒಂದು ಯೂನಿಟ್ ಎಂದರೆ 6 ರೂಪಾಯಿ 69 ಪೈಸೆ. ದರಪಟ್ಟಿ ಮುಂದೆ ಹೇಗೆ ಬದಲಾದರೂ ಈ ಭಾಗಾಕಾರ ಬದಲಾಗುವುದಿಲ್ಲ.

ಹಿಂದಿನ ಬಾಕಿ, ಅದರ ಬಡ್ಡಿ, ಹೆಚ್ಚುವರಿ ಭದ್ರತಾ ಠೇವಣಿ ಇವು ಒಟ್ಟು ಮೊತ್ತದೊಳಗೆ ಸೇರಿದ್ದರೆ ಮೊದಲೇ ತೆಗೆದು ಪಕ್ಕಕ್ಕಿಡಿ. ಬಡ್ಡಿಯನ್ನು ಕಟ್ಟಲು ತಡ ಮಾಡಿದವರು ಕೊಡಬೇಕು. ಠೇವಣಿ ಖರ್ಚೇ ಅಲ್ಲ. ಬಳಕೆ ಹೆಚ್ಚಿದ ಮನೆಗಳಿಂದ ವರ್ಷಕ್ಕೊಮ್ಮೆ ಕೇಳುವ ಆ ಹಣ ಸಂಪರ್ಕದ ಖಾತೆಯಲ್ಲೇ ಕೂತಿರುತ್ತದೆ, ನೀವು ಮನೆ ಬಿಟ್ಟ ಮೇಲೂ ಅಲ್ಲೇ ಇರುತ್ತದೆ. ಅದನ್ನು ಮಾಲೀಕರು ಕೊಡಬೇಕು. ನೀವೇ ಕಟ್ಟಿದ್ದರೆ ರಸೀದಿ ಇಟ್ಟುಕೊಂಡು ಬಾಡಿಗೆಯಲ್ಲಿ ಕಳೆಯಿರಿ. ಅನೇಕರು ಇದನ್ನು ಗಮನಿಸದೆ ತಲೆಗಿಷ್ಟು ಎಂದು ಹಂಚಿಕೊಂಡು ಮರೆತುಬಿಡುತ್ತಾರೆ.

ಇನ್ನೂರರ ಗೆರೆ

ಈಗ ಎಂಟು ಪಟ್ಟಿನ ಗುಟ್ಟಿಗೆ ಬರೋಣ. 2023ರ ಜುಲೈ ತಿಂಗಳ ಬಳಕೆಯಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ ಇದೆ. ಬಾಡಿಗೆದಾರರೂ ಅದಕ್ಕೆ ಅರ್ಹರು. ಯಾರಾದರೂ ಒಬ್ಬರು ತಮ್ಮ ಆಧಾರ್ ಸಂಖ್ಯೆಯನ್ನು ಮನೆಯ ವಿದ್ಯುತ್ ಖಾತೆಗೆ ಜೋಡಿಸಬೇಕು. ಸಾಮಾನ್ಯವಾಗಿ ಆ ಮನೆಯ 2022–23ನೇ ಸಾಲಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದರೆ ಬರುವುದು ಉಚಿತ ಯೂನಿಟ್‌ಗಳ ಮಿತಿ. ನಮ್ಮ ಮನೆಯ ಸರಾಸರಿ 110, ಹಾಗಾಗಿ ಮಿತಿ 121.

ಬಳಕೆ ಆ ಮಿತಿಯೊಳಗಿದ್ದರೆ ಬಿಲ್ಲು ಸೊನ್ನೆ. ಮಿತಿ ದಾಟಿ 200ರೊಳಗಿದ್ದರೆ ದಾಟಿದ ಯೂನಿಟ್‌ಗಳಿಗಷ್ಟೇ ಹಣ. ಮಾರ್ಚ್‌ನಲ್ಲಿ 160 ಬಳಸಿ 39 ಯೂನಿಟ್‌ಗೆ 261 ರೂಪಾಯಿ ಕೊಟ್ಟದ್ದು ಹೀಗೆ. ಆದರೆ 200 ದಾಟಿದರೆ ಆ ತಿಂಗಳು ರಿಯಾಯಿತಿ ಪೂರ್ತಿ ಹೋಯಿತು. ಮೊದಲ ಯೂನಿಟ್‌ನಿಂದ ಕೊನೆಯದರವರೆಗೆ, ನಿಗದಿತ ಶುಲ್ಕವನ್ನೂ ಸೇರಿಸಿ, ಪೂರ್ತಿ ಬಿಲ್ಲು ಕಟ್ಟಬೇಕು. ಇನ್ನೂರನೆಯ ಯೂನಿಟ್‌ವರೆಗೆ ಮೆಟ್ಟಿಲು, ಅಲ್ಲಿಂದಾಚೆ ಬಂಡೆಯ ಅಂಚು. ಒಬ್ಬಿಬ್ಬರ ಮನೆಗಳು ಈ ಅಂಚಿನ ಬಳಿಗೆ ಬರುವುದೇ ಅಪರೂಪ. ನಾಲ್ಕೈದು ಜನ ಒಂದೇ ಮೀಟರಿನಲ್ಲಿರುವ ಮನೆ ಬೇಸಿಗೆಯಲ್ಲಿ ಅದರ ತುದಿಯಲ್ಲೇ ನಿಂತಿರುತ್ತದೆ.

ಅಂಚಿಗೆ ಬಂದದ್ದನ್ನು ಬಿಲ್ಲು ಬರುವ ಮೊದಲೇ ತಿಳಿಯಬಹುದು. ಮೀಟರ್ ಓದುವವರು ಬಂದು ಹೋದ ದಿನದ ಅಂಕಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಇಪ್ಪತ್ತನೆಯ ದಿನ ಇನ್ನೊಮ್ಮೆ ನೋಡಿ. ವ್ಯತ್ಯಾಸ 133ರ ಆಚೆ ಇದ್ದರೆ ಇದೇ ವೇಗದಲ್ಲಿ ತಿಂಗಳ ಕೊನೆಗೆ 200 ದಾಟುತ್ತೀರಿ. ಉಳಿದ ಹತ್ತು ದಿನ ಕೈ ಬಿಗಿ ಹಿಡಿಯಬೇಕೋ, ಹೇಗೂ ದಾಟುತ್ತದೆ ಎಂದು ಬಿಡಬೇಕೋ ಎಂಬುದನ್ನು ಆಗಲೇ ನಾಲ್ವರೂ ಕೂತು ತೀರ್ಮಾನಿಸಬಹುದು.

ಯಾರ ಯೂನಿಟ್ ಎಷ್ಟು

ಎಲ್ಲವನ್ನೂ ಅಳೆಯಲು ಹೊರಟವರ ಮನೆಯಲ್ಲಿ ನೆಮ್ಮದಿ ಉಳಿದದ್ದನ್ನು ನಾನು ನೋಡಿಲ್ಲ. ತಿಂಗಳಿಗೆ ಹತ್ತು ಯೂನಿಟ್‌ಗಿಂತ ಕಡಿಮೆ ತಿನ್ನುವುದನ್ನು ಸ್ವಂತ ಲೆಕ್ಕಕ್ಕೆ ತರಬೇಡಿ ಎಂಬುದು ನನ್ನ ನಿಯಮ. ಮೊಬೈಲ್ ಚಾರ್ಜು, ಕೋಣೆಯ ದೀಪ, ಆಗೊಮ್ಮೆ ಈಗೊಮ್ಮೆ ಇಸ್ತ್ರಿ ಇವೆಲ್ಲ ಸಾಮಾನ್ಯ ಖಾತೆಗೆ ಹೋಗಲಿ. ಗೀಸರನ್ನೂ ಅಲ್ಲಿಗೇ ಬಿಡಿ. ಹದಿನೈದು ಲೀಟರಿನ ಗೀಸರು ಒಮ್ಮೆ ಪೂರ್ತಿ ಕಾಯಲು ಅರ್ಧ ಯೂನಿಟ್‌ಗೆ ತುಸು ಮೇಲೆ ಬೇಕು, ನಾಲ್ಕು ರೂಪಾಯಿ. ಅದಕ್ಕಾಗಿ ಬಚ್ಚಲ ಬಾಗಿಲಲ್ಲಿ ಗಡಿಯಾರ ಹಿಡಿದು ನಿಲ್ಲುವುದು ಬೇಡ. ಇಡೀ ದಿನ ಸ್ವಿಚ್ಚು ಆರಿಸದೆ ಬಿಡುವವರಿಗೆ ಒಂದು ಮಾತು ಹೇಳಿದರೆ ಸಾಕು.

ಹಾಗೆ ಸೋಸಿದರೆ ಬಹುತೇಕ ಮನೆಗಳಲ್ಲಿ ಉಳಿಯುವುದು ಒಂದೆರಡು ವಸ್ತು. ನಮ್ಮಲ್ಲಿ ರಸ್ತೆ ಬದಿಯ ಕೋಣೆಯ ಎಸಿ, ಹಿಂದಿನ ಕೋಣೆಯ ಕಂಪ್ಯೂಟರು. ಹಿಂದಿನ ಕೋಣೆಯವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಎರಡು ಪರದೆಗಳ ದೊಡ್ಡ ಯಂತ್ರ, ಬೆಳಗ್ಗೆಯಿಂದ ರಾತ್ರಿಯವರೆಗೆ.

ಕಂಪ್ಯೂಟರು, ಹೀಟರು ಮುಂತಾಗಿ ಒಂದೇ ಸಮನೆ ಎಳೆಯುವ ವಸ್ತುಗಳಿಗೆ ಖರ್ಚಿಲ್ಲದ ಅಳತೆಯೊಂದಿದೆ. ನಿಮ್ಮ ಮೀಟರಿನ ಮೇಲೆ `3200 imp/kWh` ಎಂದೋ `1600 imp/kWh` ಎಂದೋ ಬರೆದಿರುತ್ತದೆ. ಒಂದು ಯೂನಿಟ್ ಓಡಲು ಆ ಕೆಂಪು ದೀಪ ಅಷ್ಟು ಬಾರಿ ಮಿನುಗುತ್ತದೆ ಎಂದು ಅದರ ಅರ್ಥ. ಮನೆಯಲ್ಲಿ ಉಳಿದೆಲ್ಲವನ್ನೂ ಆರಿಸಿ, ಅಳೆಯಬೇಕಾದ ಒಂದನ್ನೇ ಹಚ್ಚಿ, ಐದು ನಿಮಿಷದಲ್ಲಿ ಎಷ್ಟು ಬಾರಿ ಮಿನುಗಿತು ಎಂದು ಎಣಿಸಿ. ಮೊಬೈಲಿನಲ್ಲಿ ವಿಡಿಯೊ ತೆಗೆದು ಆಮೇಲೆ ಎಣಿಸಿದರೆ ಕಣ್ಣು ತಪ್ಪುವುದಿಲ್ಲ. ನಮಗೆ ಸಿಕ್ಕದ್ದು 27:

```
27 × 12 / 3200 = 0.10
```

ಗಂಟೆಗೆ ಹನ್ನೆರಡು ಐದು ನಿಮಿಷಗಳು, ಅದಕ್ಕೆ 12ರ ಗುಣಾಕಾರ. ಗಂಟೆಗೆ 0.10 ಯೂನಿಟ್, ದಿನಕ್ಕೆ ಹತ್ತು ಗಂಟೆಗೆ ಒಂದು ಯೂನಿಟ್, ಕೆಲಸದ 22 ದಿನಕ್ಕೆ 22 ಯೂನಿಟ್. ಇದನ್ನು ಪ್ರತಿ ತಿಂಗಳೂ ಎಣಿಸಬೇಕಿಲ್ಲ. ಯಂತ್ರ ಬದಲಾಗುವವರೆಗೆ ಒಂದು ಸಲ ಸಾಕು.

ಎಸಿಗೆ ಈ ಎಣಿಕೆ ನಡೆಯದು. ಇನ್ವರ್ಟರ್ ಎಸಿ ಮೊದಲ ಅರ್ಧ ಗಂಟೆ ಜೋರಾಗಿ ಎಳೆದು, ಕೋಣೆ ತಣಿದ ಮೇಲೆ ತನ್ನಷ್ಟಕ್ಕೆ ತಗ್ಗುತ್ತದೆ. ಸಂಜೆ ಹಚ್ಚಿದ ಕೂಡಲೇ ಐದು ನಿಮಿಷ ಎಣಿಸಿ ಎಂಟು ಗಂಟೆಗೆ ಗುಣಿಸಿದರೆ ಎಸಿಯವರಿಗೆ ಅನ್ಯಾಯ, ನಡುರಾತ್ರಿ ಎಣಿಸಿದರೆ ಉಳಿದವರಿಗೆ. ಎಸಿಯ ಸಾಲಿಗೆ ಒಂದು ಉಪಮೀಟರು ಹಾಕಿಸುವುದೇ ದಾರಿ. ಮಾಲೀಕರಿಗೆ ತಿಳಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಪ್ಲಗ್ಗಿಗೆ ಸಿಕ್ಕಿಸುವ ಬಗೆಯ ಮೀಟರಾದರೆ 16 ಆಂಪಿಯರ್ ತಾಳುವಂಥದ್ದೇ ಇರಬೇಕು. ಸಣ್ಣ ಪ್ಲಗ್ಗಿನ ಮೀಟರನ್ನು ಎಸಿಗೆ ಸಿಕ್ಕಿಸಿದರೆ ಅದು ಕಾದು ಸುಡುತ್ತದೆ. ಅದರ ಬೆಲೆಯನ್ನು ಎಸಿಯವರು ಕೊಡಲಿ. ಕೋಣೆ ಬಿಡುವಾಗ ಅವರೇ ಕಿತ್ತುಕೊಂಡು ಹೋಗಬಹುದು. ನಮ್ಮ ಎಸಿ ಏಪ್ರಿಲ್‌ನಲ್ಲಿ 84 ಯೂನಿಟ್ ತೋರಿಸಿತು, ರಾತ್ರಿಗೆ 2.8.

ಅಲ್ಲಿಗೆ 246ರಲ್ಲಿ 84 ಎಸಿಗೆ, 22 ಕಂಪ್ಯೂಟರಿಗೆ, ಉಳಿದ 140 ಎಲ್ಲರದು.

ಏಪ್ರಿಲ್ ಬಿಲ್ಲನ್ನು ಹಂಚಿದ ಬಗೆ

ಮೊದಲ ತೀರ್ಮಾನ: ಉಚಿತ 121 ಯೂನಿಟ್ ಯಾರದು? ಅವು ಮನೆಗೆ ಸಿಕ್ಕದ್ದು, ಆದ್ದರಿಂದ ಮೊದಲು ಸಾಮಾನ್ಯ ಬಳಕೆಗೆ ಹೋಗಬೇಕು ಎಂದು ನಾವು ಒಪ್ಪಿದೆವು. ಸಾಮಾನ್ಯ 140ರಲ್ಲಿ 121 ಕಳೆದರೆ 19 ಯೂನಿಟ್ ಉಳಿಯಿತು, 127 ರೂಪಾಯಿ, ತಲೆಗೆ 32. ಎಸಿಯ 84 ಯೂನಿಟ್‌ಗೆ 562 ರೂಪಾಯಿ, ಕಂಪ್ಯೂಟರಿನ 22ಕ್ಕೆ 147. ಒಟ್ಟು 836 ರೂಪಾಯಿ. ಇನ್ನೂರರ ಗೆರೆ ಎಂಬುದೊಂದು ಇಲ್ಲದೇ ಹೋಗಿದ್ದರೆ ಬಿಲ್ಲು ಇಷ್ಟೇ ಇರುತ್ತಿತ್ತು.

ಬಂದದ್ದು 2,080. ಉಳಿದ 1,244 ರೂಪಾಯಿ ಗೆರೆ ದಾಟಿದ್ದಕ್ಕೆ ಕೊಟ್ಟ ದಂಡ: ಕೈತಪ್ಪಿದ 121 ಯೂನಿಟ್‌ಗಳ ಬೆಲೆ ಮತ್ತು ಮರಳಿ ಬಂದ ನಿಗದಿತ ಶುಲ್ಕ. ಈ ದಂಡ ಯಾರದು?

ಅಣ್ಣತಮ್ಮಂದಿರ ವಾದ: ಎಸಿ ಇಲ್ಲದಿದ್ದರೆ 162 ಯೂನಿಟ್, ಗೆರೆ ದಾಟುತ್ತಲೇ ಇರಲಿಲ್ಲ, ಪೂರ್ತಿ ದಂಡ ಎಸಿಯವರದು. ಎಸಿಯವರ ವಾದ: ನಾನು ಬಳಸಿದ್ದು 84, ಉಳಿದ 162 ನೀವು ಬಳಸಿದ್ದು, ಗೆರೆ ಎಲ್ಲರದೂ, ದಂಡವೂ ತಲೆಗೆ ಸಮ. ಎರಡರಲ್ಲೂ ಅರ್ಧ ಸತ್ಯವಿತ್ತು. ಸಾಮಾನ್ಯ ಬಳಕೆಯನ್ನು ಯಾರೂ ತಪ್ಪಿಸಲಾರರು, ಫ್ರಿಜ್ಜು ಎಲ್ಲರಿಗಾಗಿ ಓಡುತ್ತದೆ. ಹಾಗಾಗಿ ಅದರ ಮೇಲೆ ದಂಡ ಹೇರುವುದು ಸರಿಯಲ್ಲ. ಆದರೆ ಸ್ವಂತಕ್ಕೆ ಬಳಸಿದ ಪ್ರತಿ ಯೂನಿಟ್ಟೂ ಮನೆಯನ್ನು ಗೆರೆಯತ್ತ ಒಂದೊಂದು ಹೆಜ್ಜೆ ತಳ್ಳಿದೆ. ಆದ್ದರಿಂದ ದಂಡವನ್ನು ಸ್ವಂತ ಯೂನಿಟ್‌ಗಳ ಪ್ರಮಾಣದಲ್ಲಿ ಹಂಚಿದೆವು: 106ರಲ್ಲಿ 84 ಪಾಲು ಎಸಿಗೆ, 986 ರೂಪಾಯಿ. 22 ಪಾಲು ಕಂಪ್ಯೂಟರಿಗೆ, 258.

| | ಸಾಮಾನ್ಯ | ಸ್ವಂತ ಯೂನಿಟ್ | ದಂಡ | ಒಟ್ಟು |
|---|---|---|---|---|
| ರಸ್ತೆ ಬದಿಯ ಕೋಣೆ | 32 | 562 | 986 | 1,580 |
| ಹಿಂದಿನ ಕೋಣೆ | 32 | 147 | 258 | 437 |
| ಅಣ್ಣ | 32 | – | – | 32 |
| ತಮ್ಮ | 32 | – | – | 32 |

ಒಂದು ರೂಪಾಯಿ ಹೆಚ್ಚಾಯಿತು, ಅದು ಹಾಲಿನ ಲೆಕ್ಕಕ್ಕೆ ಹೋಯಿತು.

ಹಿಂದಿನ ಕೋಣೆಯವರು ಸುಮ್ಮನಿರಲಿಲ್ಲ. "ನನ್ನ ಕಂಪ್ಯೂಟರು ಮಾರ್ಚ್‌ನಲ್ಲೂ ಇತ್ತು, ಆಗ ಗೆರೆ ದಾಟಿರಲಿಲ್ಲವಲ್ಲ?" ಎಂದರು. ಒಳ್ಳೆಯ ಪ್ರಶ್ನೆ. ಮೊದಲು ಬಂದವರಿಗೆ ಮೊದಲ ಹಕ್ಕು ಎಂದು ಒಪ್ಪುವುದಾದರೆ ಅವರು ದಂಡದಿಂದ ಪಾರು. ಆದರೆ ಆ 22 ಯೂನಿಟ್ ಇಲ್ಲದಿದ್ದರೆ ಎಸಿಗೆ ಗೆರೆಯೊಳಗೆ 38ರ ಬದಲು 60 ಯೂನಿಟ್ ಜಾಗ ಸಿಗುತ್ತಿತ್ತು. ಇನ್ನೂರು ಯೂನಿಟ್ ಮನೆಯ ಆಸ್ತಿ. ಅದರಲ್ಲಿ ಹಳಬರಿಗೆ ಮೀಸಲು ಜಾಗವಿಲ್ಲ ಎಂಬುದು ನನ್ನ ನಿಲುವು. ಅವರಿಗೆ ಇದು ಪೂರ್ತಿ ರುಚಿಸಲಿಲ್ಲ, ಆದರೂ ಕೊಟ್ಟರು. ನಿಮ್ಮ ಮನೆಯಲ್ಲಿ ಬೇರೆ ತೀರ್ಮಾನಕ್ಕೆ ಬರಬಹುದು. ತೀರ್ಮಾನ ಬೇಸಿಗೆಗೆ ಮೊದಲೇ ಆಗಿರಬೇಕು ಎನ್ನುವುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಬಿಲ್ಲು ಬಂದ ಮೇಲೆ ಮಾಡಿದ ನಿಯಮ ಯಾರನ್ನೋ ಗುರಿಯಿಟ್ಟಂತೆ ಕಾಣುತ್ತದೆ.

ಇನ್ನೊಂದು ಎಚ್ಚರ. ಸಾಮಾನ್ಯ ಬಳಕೆಯೊಂದೇ 200ರ ಹತ್ತಿರವಿರುವ ಮನೆಗಳಲ್ಲಿ, ಅಂದರೆ ಆರೇಳು ಜನರಿರುವ ಕಡೆ, ಈ ಪದ್ಧತಿ ಹೊಂದದು. ಅಲ್ಲಿ ಒಬ್ಬರ ಎಸಿ ಕಡೆಯ ಹುಲ್ಲುಕಡ್ಡಿ ಮಾತ್ರ. ದಂಡವನ್ನು ತಲೆಗೆ ಸಮವಾಗಿ ಹಂಚುವುದೇ ಅಲ್ಲಿ ಸರಿ. ನಿಗದಿತ ಶುಲ್ಕದ ಬಗ್ಗೆಯೂ ಕೆಲವರು ತಲೆಲೆಕ್ಕ ಬೇಡ, ಬಾಡಿಗೆಯ ಅನುಪಾತದಲ್ಲಿ ಹಂಚೋಣ ಎನ್ನುತ್ತಾರೆ. ತರ್ಕ ಸರಿಯೇ. ಆದರೆ ವ್ಯತ್ಯಾಸ ಇಪ್ಪತ್ತು ಮೂವತ್ತು ರೂಪಾಯಿ, ಅದಕ್ಕೆ ಸಂಜೆಯೊಂದನ್ನು ಕಳೆಯಬೇಕೇ?

1,580 ರೂಪಾಯಿಯ ಪಾಲು ಕಂಡ ಎಸಿಯವರು ಮೇ ತಿಂಗಳಲ್ಲಿ ಯಂತ್ರಕ್ಕೆ ಸಮಯ ಕಟ್ಟಿದರು. ಮಲಗುವ ಮುನ್ನ ಎರಡೂವರೆ ಗಂಟೆ, ಆಮೇಲೆ ಫ್ಯಾನು. ಎಸಿ 34 ಯೂನಿಟ್, ಮನೆಯ ಒಟ್ಟು 194. ಬಿಲ್ಲು 500 ರೂಪಾಯಿ ಮುಟ್ಟಲಿಲ್ಲ.

ಊರಿಗೆ ಹೋದವರು, ಮನೆ ಬಿಟ್ಟವರು

ವಾರದೊಳಗಿನ ಗೈರುಹಾಜರಿಗೆ ಲೆಕ್ಕ ಬೇಡ. ಅದಕ್ಕಿಂತ ಹೆಚ್ಚಾದರೆ ಸಾಮಾನ್ಯ ಯೂನಿಟ್‌ಗಳನ್ನೂ ನೀರನ್ನೂ ರಾತ್ರಿಗಳ ಲೆಕ್ಕದಲ್ಲಿ ಹಂಚಿ. ಮೂವರು ಮೂವತ್ತು ರಾತ್ರಿ, ಒಬ್ಬರು ಹದಿನೈದು ಎಂದರೆ ಒಟ್ಟು 105 ರಾತ್ರಿ. ಮೊತ್ತವನ್ನು 105ರಿಂದ ಭಾಗಿಸಿ ಅವರವರ ರಾತ್ರಿಗೆ ಗುಣಿಸಿ. ವಾರಗಟ್ಟಲೆ ಉಳಿಯುವ ನೆಂಟರ ರಾತ್ರಿಗಳನ್ನು ಕರೆದವರ ಹೆಸರಿಗೆ ಸೇರಿಸಿ. ನಿಗದಿತ ಶುಲ್ಕ ಮತ್ತು ಇಂಟರ್‌ನೆಟ್‌ನಲ್ಲಿ ಗೈರುಹಾಜರಿಗೆ ರಿಯಾಯಿತಿ ಇಲ್ಲ. ನೀವಿಲ್ಲದಾಗಲೂ ಅವು ನಿಮಗಾಗಿ ಕಾದಿರುತ್ತವೆ.

ಮನೆ ಬಿಡುವವರು ಹೊರಡುವ ದಿನ ಮೀಟರಿನ ಮುಂದೆ ಎಲ್ಲರೂ ಇರುವಾಗಲೇ ಫೋಟೊ ತೆಗೆಯಬೇಕು. ಆವರೆಗಿನ ಯೂನಿಟ್‌ಗೆ ಕಳೆದ ಪೂರ್ತಿ ಬಿಲ್ಲಿನ ದರ ಹಿಡಿದು ಅಂದೇ ಲೆಕ್ಕ ಮುಗಿಸಬಹುದು. ಆದರೆ ಆ ತಿಂಗಳು ಗೆರೆ ದಾಟುವುದೋ ಇಲ್ಲವೋ ಅಂದು ಗೊತ್ತಿರುವುದಿಲ್ಲ. ಅದಕ್ಕೆ ಬಿಲ್ಲು ಬರುವವರೆಗೆ ಮುನ್ನೂರು ರೂಪಾಯಿ ಮನೆಯಲ್ಲಿ ಇರಿಸಿಕೊಂಡು ಆಮೇಲೆ ಹಿಂದಿರುಗಿಸುತ್ತಿದ್ದೆವು. ಗೃಹಜ್ಯೋತಿಗೆ ಆಧಾರ್ ಜೋಡಿಸಿದವರೇ ಹೊರಡುವುದಾದರೆ ಇನ್ನೊಂದು ಕೆಲಸವಿದೆ. ಸೇವಾ ಸಿಂಧು ಜಾಲತಾಣದಲ್ಲಿ ಅವರು ತಮ್ಮ ಜೋಡಣೆ ಬಿಡಿಸಿಕೊಳ್ಳಬೇಕು, ಉಳಿದವರಲ್ಲೊಬ್ಬರು ಹೊಸದಾಗಿ ಜೋಡಿಸಬೇಕು. ಬಿಡಿಸದೆ ಹೋದರೆ ಅವರಿಗೆ ಹೊಸ ಮನೆಯಲ್ಲಿ ನೋಂದಣಿ ಮಾಡಲು ತೊಡಕಾಗುತ್ತದೆ.

ನೀರು

ನೀರಿಗೆ ತಲೆಯ ಲೆಕ್ಕವೇ ಸರಿ, ರಾತ್ರಿಗಳ ತಿದ್ದುಪಡಿಯೊಂದಿಗೆ. ಯಾರು ಎಷ್ಟು ಬಕೆಟ್ ಎಂದು ಅಳೆಯುವ ಉಪಾಯವಿಲ್ಲ, ಅಗತ್ಯವೂ ಇಲ್ಲ. ನಗರಗಳಲ್ಲಿ ನೀರಿನ ಯೋಜನೆ ಮಾಡುವವರು ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಾರೆ. ನಾಲ್ವರಿಗೆ ತಿಂಗಳಿಗೆ 16 ಸಾವಿರ ಲೀಟರ್ ಆಯಿತು. ನಿಮ್ಮ ಬಿಲ್ಲು ಇದರ ಆಸುಪಾಸಿನಲ್ಲಿದ್ದರೆ ಸುಮ್ಮನೆ ಭಾಗಿಸಿ ಕೊಟ್ಟುಬಿಡಿ.

ತಕರಾರು ಬರುವುದು ಎರಡು ಕಡೆ. ವಿದ್ಯುತ್ತಿನಂತಲ್ಲದೆ ಬೆಂಗಳೂರು ಜಲಮಂಡಳಿಯ ದರ ಹಂತ ಹಂತದ್ದು: ಮೊದಲ 8 ಸಾವಿರ ಲೀಟರಿಗೆ ಕಡಿಮೆ, ಆಮೇಲೆ 25 ಸಾವಿರದವರೆಗೆ ಒಂದು, 50 ಸಾವಿರದವರೆಗೆ ಒಂದು, ಅದರಾಚೆ ಇನ್ನೂ ಹೆಚ್ಚು. ನಾಲ್ಕು ಮನೆಗಳ ಕಟ್ಟಡಕ್ಕೆ ಒಂದೇ ಮೀಟರಿದ್ದರೆ ಎಲ್ಲರ ನೀರೂ ಸೇರಿ ಮೇಲಿನ ಹಂತಕ್ಕೆ ಏರುತ್ತದೆ, ಮಿತವಾಗಿ ಬಳಸಿದ ಮನೆಯೂ ಆ ದರ ತೆರುತ್ತದೆ. ಮಾಲೀಕರು "ಮನೆಗೆ ಇಷ್ಟು" ಎಂದು ಹೇಳುವಾಗ ಮೂಲ ಬಿಲ್ಲನ್ನು ತೋರಿಸಲು ಕೇಳಿ, ಕಟ್ಟಡದ ಒಟ್ಟು ತಲೆಗಳಿಂದ ಭಾಗಿಸಿ. ಇಬ್ಬರಿರುವ ಮನೆಗೂ ಆರು ಜನರ ಮನೆಗೂ ಒಂದೇ ಮೊತ್ತ ಹಾಕುವುದು ಸಾಮಾನ್ಯ. ಹಂಚಿಕೊಂಡು ಇರುವ ನಮ್ಮಂಥವರಿಗೆ ಇದರಿಂದ ಲಾಭವೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಎರಡನೆಯದು ಸೋರಿಕೆ. ಕಾವೇರಿ ನೀರು ದಿನ ಬಿಟ್ಟು ದಿನ ಸಂಪಿಗೆ ಬರುವ ಬಡಾವಣೆಗಳಲ್ಲಿ ನೀರಿನ ಮೀಟರು ಸಂಪು ತುಂಬುವಾಗ ಮಾತ್ರ ತಿರುಗುತ್ತದೆ. ಹಾಗಾಗಿ ರಾತ್ರಿ ಮೀಟರ್ ನೋಡಿ ಮನೆಯೊಳಗಿನ ಸೋರಿಕೆ ಹಿಡಿಯಲು ಆಗದು. ಅನುಮಾನವಿದ್ದರೆ ಶೌಚಾಲಯದ ಫ್ಲಶ್ ತೊಟ್ಟಿಗೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಯಾರೂ ಬಳಸದಿರಿ. ಕೆಳಗೆ ಬಟ್ಟಲಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರು ಹೋಗಿದೆ. ನಿಮಿಷಕ್ಕೆ ಒಂದು ಲೋಟದಷ್ಟು ಸದ್ದಿಲ್ಲದೆ ಹರಿದರೂ ತಿಂಗಳಿಗೆ ಎಂಟು ಸಾವಿರ ಲೀಟರ್ ದಾಟುತ್ತದೆ, ಅಂದರೆ ಮೊದಲ ಹಂತ ಪೂರ್ತಿ ಅಲ್ಲೇ ಮುಗಿಯಿತು. ಆ ತಿಂಗಳ ಹೆಚ್ಚಳವನ್ನು ಆ ಕೋಣೆಯವರ ಮೇಲೆ ಹಾಕಬೇಡಿ. ಹಾಳಾದದ್ದು ಮನೆ, ಬಳಸಿದವರಲ್ಲ. ತಿಳಿಸಿದ ಮೇಲೂ ರಿಪೇರಿ ಮಾಡಿಸದೆ ಬಿಟ್ಟರೆ ಆಗ ಮಾಲೀಕರೊಡನೆ ಮಾತು.

ಟ್ಯಾಂಕರ್ ತರಿಸಿದ ದಿನಕ್ಕೆ ಬೇರೆ ಪುಟ ಬೇಕು: ದಿನಾಂಕ, ಲೀಟರ್, ಕೊಟ್ಟ ಹಣ, ಅಂದು ಮನೆಯಲ್ಲಿದ್ದ ತಲೆಗಳು. ಸಂಪು ಇಡೀ ಕಟ್ಟಡದ್ದಾದರೆ ನೀರು ಇಳಿಸುವ ಮೊದಲೇ ಉಳಿದ ಮನೆಗಳ ಒಪ್ಪಿಗೆ ಕೇಳಿ. ಇಳಿಸಿದ ಮೇಲೆ ಕೇಳಿದರೆ ಅಂದು ಯಾರಿಗೂ ನೀರಿನ ಅಗತ್ಯವಿರಲಿಲ್ಲ ಎಂದು ತಿಳಿದುಬರುತ್ತದೆ.

ಇಂಟರ್‌ನೆಟ್

ಇದರಲ್ಲಿ ಬಳಕೆ ಅಳೆಯುವ ಮಾತೇ ಬೇಡ. ಒಬ್ಬರು ರಾತ್ರಿಯಿಡೀ ಸಿನಿಮಾ ನೋಡಿದರೂ ಬಿಲ್ಲು ಏರುವುದಿಲ್ಲ. ತಲೆಗೆ ಸಮ, ಅಷ್ಟೇ. "ನನ್ನ ಮೊಬೈಲಿನಲ್ಲೇ ಡೇಟಾ ಇದೆ, ನನಗೆ ಬೇಡ" ಎನ್ನುವವರನ್ನು ಬಿಡಬಹುದು. ಆದರೆ ಅದು ಸಂಪರ್ಕ ತೆಗೆದುಕೊಳ್ಳುವ ದಿನವೇ ತೀರ್ಮಾನವಾಗಬೇಕು, ಗುಪ್ತಪದವನ್ನೂ ಅವರಿಗೆ ಕೊಡಬಾರದು. ಮನೆಯಿಂದ ಕೆಲಸ ಮಾಡುವವರಿಗಾಗಿ ಹೆಚ್ಚು ವೇಗದ ಯೋಜನೆ ತೆಗೆದುಕೊಂಡರೆ ಆ ಹೆಚ್ಚಿನ ಮೊತ್ತ ಮಾತ್ರ ಅವರದು.

ಆರು ತಿಂಗಳಿಗೆ ಒಟ್ಟಿಗೆ ಕಟ್ಟುವಾಗ ಎಚ್ಚರ ಬೇಕು. ತಿಂಗಳಿಗೆ 600 ರೂಪಾಯಿ ಎಂದು ಜಾಹೀರಾತಿನಲ್ಲಿದ್ದರೆ ಶೇಕಡಾ 18 ಜಿಎಸ್‌ಟಿ ಸೇರಿ ಆರು ತಿಂಗಳಿಗೆ 4,248 ಆಗುತ್ತದೆ. ನಾಲ್ವರಿಗೆ ತಲೆಗೆ 1,062, ತಿಂಗಳಿಗೆ 177. ನಾಲ್ಕನೆಯ ತಿಂಗಳ ಕೊನೆಗೆ ಒಬ್ಬರು ಹೊರಟರೆ ಅವರಿಗೆ ಎರಡು ತಿಂಗಳ 354 ರೂಪಾಯಿ ಬರಬೇಕು. ಅದನ್ನು ಅವರ ಜಾಗಕ್ಕೆ ಬರುವವರು ಕೊಡಲಿ, ಉಳಿದ ಮೂವರಲ್ಲ. ರೂಟರಿನ ಠೇವಣಿ ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವರಿಗೇ ಹಿಂದಿರುಗುತ್ತದೆ. ಅದಕ್ಕೆ ಎಲ್ಲರೂ ಪಾಲು ಹಾಕಿದ್ದರೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆದಿಡಿ. ನಮ್ಮ ಮೂರು ಬಿಲ್ಲುಗಳ ಲೆಕ್ಕವೂ ಅದೇ ಹಾಳೆಯಲ್ಲಿತ್ತು, ಮೀಟರಿನ ಅಂಕಿ ಎಡಕ್ಕೆ, ಹೆಸರುಗಳು ಬಲಕ್ಕೆ, ಹಣ ಕೊಟ್ಟವರು ತಾವೇ ತಮ್ಮ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರು. ತಿಂಗಳ ಹತ್ತನೆಯ ತಾರೀಖಿನ ಹೊತ್ತಿಗೂ ಗೆರೆ ಬೀಳದ ಹೆಸರು ಹಾಲು ತೆಗೆಯಲು ಬಂದ ಪ್ರತಿಯೊಬ್ಬರಿಗೂ ಕಾಣುತ್ತಿತ್ತು, ಕೇಳುವ ಕಷ್ಟ ಯಾರಿಗೂ ಇರುತ್ತಿರಲಿಲ್ಲ.